ಹಾಡು ದಾಸರದು, ಕುಕ್ಕರ್ ಸೀಟಿ ನಮ್ಮದು

ರಾತ್ರಿ ಒಂಬತ್ತೂವರೆಗೆ ಶಿವಮೊಗ್ಗದಿಂದ ಚಿಕ್ಕಮ್ಮನ ಫೋನು. ಆ ಹೊತ್ತಿಗೆ ಫೋನ್ ಮಾಡುವವರಲ್ಲ ಅವರು. "ಎಂತ ಮಾರಾಯ ಇದು, ನಾವು ಹಾಡಿದ್ದನ್ನ ಬೇರೆ ಯಾರೋ ಹಾಕ್ಕೊಂಡಿದಾರೆ. ಪಕ್ಕದ್ಮನೆಯವರು ವಾಟ್ಸಾಪಲ್ಲಿ ಕಳಿಸಿ, ಎಷ್ಟು ಚೆನ್ನಾಗಿದೆ ನೋಡಿ, ಥೇಟ್ ನಿಮ್ಮ ಹಾಗೇ ಹಾಡ್ತಾರೆ ಅಂತಾರೆ. ನಮ್ಮ ಹಾಗೇ ಅಲ್ಲ, ನಾವೇ!"

ಚಿಕ್ಕಮ್ಮನದು ಒಂಬತ್ತು ಹೆಂಗಸರ ಭಜನಾ ಮಂಡಳಿ. ಕಾರ್ತಿಕ ಮಾಸದ ಒಂದು ಸಂಜೆ ಅವರ ಮನೆಯ ಹಾಲ್‌ನಲ್ಲೇ ಜಮಖಾನ ಹಾಸಿ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಕೃಷ್ಣನ ಮೇಲಿನ ಪುರಂದರದಾಸರ ಪದವೊಂದನ್ನು ಹಾಡಿದ್ದರು. ಮೊಮ್ಮಗ ಫೋನಿನಲ್ಲಿ ಚಿತ್ರೀಕರಿಸಿ, ಮೊದಲಿಗೆ ಮಂಡಳಿಯ ಹೆಸರಿನ ಫಲಕ ಸೇರಿಸಿ, ಮಂಡಳಿಯ ಯೂಟ್ಯೂಬ್ ಚಾನೆಲ್‌ಗೆ ಏರಿಸಿದ್ದ. ಈಗ ಅದೇ ವಿಡಿಯೊ ಇನ್ನೊಂದು ಭಕ್ತಿ ಚಾನೆಲ್‌ನಲ್ಲಿತ್ತು. ಹೆಸರಿನ ಫಲಕ ಮಾಯ. ಬಲಮೂಲೆಯಲ್ಲಿ ಆ ಚಾನೆಲ್‌ನ ಲೋಗೋ. ಯಾರು ಹಾಡಿದ್ದು ಎಂಬ ಮಾತು ಎಲ್ಲೂ ಇಲ್ಲ.

ಮರುದಿನ ಬೆಳಗ್ಗೆ ಚಿಕ್ಕಮ್ಮ ತಾವೇ ಬರೆದ ಪತ್ರದ ಫೋಟೊ ಕಳಿಸಿದರು. "ನಮ್ಮ ಹಾಡನ್ನು ಕದ್ದು ದುಡ್ಡು ಮಾಡುತ್ತಿರುವ ನೀವು 24 ಗಂಟೆಯೊಳಗೆ ತೆಗೆಯದಿದ್ದರೆ ಹತ್ತು ಲಕ್ಷ ಪರಿಹಾರಕ್ಕೆ ಕೇಸು ಹಾಕಲಾಗುವುದು" ಎಂದಿತ್ತು. ಕೊನೆಗೆ "ಕೃಷ್ಣನೇ ನೋಡಿಕೊಳ್ಳುತ್ತಾನೆ." ಸಿಟ್ಟು ನ್ಯಾಯವಾದದ್ದೇ. ಆದರೆ ಪತ್ರ ಹಾಗೇ ಹೋಗಿದ್ದರೆ ಕೆಲಸ ಕೆಡುತ್ತಿತ್ತು. ಯಾವ ವಿಡಿಯೊ, ಅದರ ಲಿಂಕ್ ಯಾವುದು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂಬುದು ಅದರಲ್ಲಿ ಇರಲಿಲ್ಲ. ಇದ್ದದ್ದರಲ್ಲೂ ಮೂರು ಮಾತು ತಪ್ಪಾಗಿದ್ದವು. ಮೊದಲನೆಯ ತಪ್ಪೇ ದೊಡ್ಡದು: "ನಮ್ಮ ಹಾಡು".

ಯಾವುದು ನಮ್ಮದು?

ಭಕ್ತಿ ವಿಡಿಯೊಗಳ ತಕರಾರೆಲ್ಲ ಇಲ್ಲೇ ತೊಡಕಾಗುವುದು. ಎದುರು ಕಡೆಯವರು "ದೇವರ ಹಾಡಿಗೆ ಎಂಥಾ ಕಾಪಿರೈಟ್" ಎನ್ನುತ್ತಾರೆ. ನಾವು "ನಮ್ಮ ಹಾಡು" ಎನ್ನುತ್ತೇವೆ. ಎರಡೂ ಅರ್ಧ ಸತ್ಯ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಬರೆದವರ ಜೀವಮಾನ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಪುರಂದರದಾಸರು 1564ರಲ್ಲಿ ತೀರಿಕೊಂಡವರು. ಅವರ ಪದಗಳಿಗೆ ಈಗ ಒಡೆಯರಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದವನ್ನು ಇಂದು ಒಬ್ಬರು ಹಾಡಿ ಧ್ವನಿಮುದ್ರಿಸಿದರೆ ಆ ಮುದ್ರಿಕೆಗೆ ಬೇರೆಯೇ ಹಕ್ಕು ಹುಟ್ಟುತ್ತದೆ, ದೃಶ್ಯಕ್ಕೂ ಹಾಗೆಯೇ. ಕಾಯ್ದೆಯ ಕಣ್ಣಿನಲ್ಲಿ ಫೋನಿನಲ್ಲಿ ತೆಗೆದ ವಿಡಿಯೊ ಕೂಡ 'ಸಿನಿಮಾಟೋಗ್ರಾಫ್ ಫಿಲ್ಮ್'. ಧ್ವನಿಮುದ್ರಿಕೆಗೂ ಚಿತ್ರಕ್ಕೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇದೆ. ಎಲ್ಲಿಯೂ ನೋಂದಾಯಿಸಿರಬೇಕೆಂದಿಲ್ಲ. ತುಳಸೀದಾಸರ ಹನುಮಾನ್ ಚಾಲೀಸಾ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸಾಲುಗಳು ಊರಿಗೆಲ್ಲ ಸೇರಿದ್ದು, ಹರಿಹರನ್ ಹಾಡಿರುವ ಟಿ-ಸೀರೀಸ್ ಮುದ್ರಿಕೆ ಮಾತ್ರ ಆ ಕಂಪನಿಯದು.

ಹಾಗಾಗಿ ನಾವು ಮಾಡಿದ ಮೊದಲ ಕೆಲಸ ಪತ್ರ ಬರೆಯುವುದಲ್ಲ, ಪಾಲು ಹಂಚುವುದು. ಚಿಕ್ಕಮ್ಮನನ್ನು ಫೋನಿನಲ್ಲೇ ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಸಾಹಿತ್ಯ? ದಾಸರದು. ಧಾಟಿ? "ನಮ್ಮಮ್ಮ ಹೇಳಿಕೊಟ್ಟಿದ್ದು, ಅವರಿಗೆ ಅವರಮ್ಮ." ಹಾಗಾದರೆ ಅದೂ ನಮ್ಮದಲ್ಲ. ಬೇರೆ ಮಂಡಳಿಯವರು ಅದೇ ಪದವನ್ನು ಅದೇ ಧಾಟಿಯಲ್ಲಿ ಹಾಡಿ ಹಾಕಿದರೆ ನಾವು ತುಟಿ ಬಿಚ್ಚುವಂತಿಲ್ಲ. ಕಂಠ? ಒಂಬತ್ತು ಜನರದು. ಧ್ವನಿ, ದೃಶ್ಯ? ನಮ್ಮ ಹಾಲ್‌ನಲ್ಲಿ ನಾವೇ ತೆಗೆದದ್ದು.

ಅಷ್ಟರಲ್ಲಿ ಮೊಮ್ಮಗ ಬಾಯಿ ಹಾಕಿದ. "ಕೊನೇಲಿ ಕೃಷ್ಣನ ಚಿತ್ರ ಇದೆಯಲ್ಲ, ಅದು ಗೂಗಲ್ಲಿಂದ ತಗೊಂಡಿದ್ದು ಮಾಮ."

ನಮ್ಮ ವಿಡಿಯೊದ ಕೊನೆಯ 40 ಸೆಕೆಂಡಿನಲ್ಲಿ ಕೊಳಲು ಹಿಡಿದ ಕೃಷ್ಣನ ಬಣ್ಣದ ಚಿತ್ರವೊಂದಿತ್ತು. ಬರೆದ ಕಲಾವಿದರು ಯಾರೋ ನಮಗೆ ಗೊತ್ತಿಲ್ಲ. ಅವರನ್ನು ಕೇಳಿರಲಿಲ್ಲ, ಅವರ ಹೆಸರನ್ನೂ ಹಾಕಿರಲಿಲ್ಲ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. "ಹಂಗಾದ್ರೆ ನಾವೂ ಅವರೂ ಒಂದೇ ಅಂತಾಯ್ತು" ಎಂದರು ಚಿಕ್ಕಮ್ಮ. ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ವಿಡಿಯೊದ ತುದಿ ಕತ್ತರಿಸಬಹುದು, ಲಿಂಕ್ ಬದಲಾಗುವುದಿಲ್ಲ, ನೋಟಗಳ ಲೆಕ್ಕವೂ ಉಳಿಯುತ್ತದೆ. ಅವತ್ತೇ ಆ 40 ಸೆಕೆಂಡು ಕತ್ತರಿಸಿದೆವು. ಪತ್ರದಲ್ಲಿಯೂ ಆ ಭಾಗವನ್ನು ನಮ್ಮದೆಂದು ಹೇಳಬಾರದು ಎಂದು ನಿಶ್ಚಯಿಸಿದೆವು. ಹಕ್ಕಿನ ಪತ್ರದಲ್ಲಿ ನಮ್ಮದಲ್ಲದ್ದನ್ನು ನಮ್ಮದೆಂದರೆ ಎದುರು ಕಡೆಯವರಿಗೆ ಹಿಡಿದುಕೊಳ್ಳಲು ಜುಟ್ಟು ಕೊಟ್ಟ ಹಾಗೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಪತ್ರಕ್ಕೆ ಸಹಿ ಯಾರದು? ಬಟನ್ ಒತ್ತಿದ ಮೊಮ್ಮಗನದೇ? ಕಾಯ್ದೆ ಚಿತ್ರದ ಮತ್ತು ಧ್ವನಿಮುದ್ರಿಕೆಯ ಕರ್ತೃ ಎಂದು ಕರೆಯುವುದು ನಿರ್ಮಾಪಕರನ್ನು, ಅಂದರೆ ಅದು ಆಗಲೆಂದು ಮುಂದೆ ನಿಂತು ಹೊಣೆ ಹೊತ್ತವರನ್ನು. ಕ್ಯಾಮೆರಾ ಹಿಡಿದವರೇ ಆಗಬೇಕಿಲ್ಲ. ನಮ್ಮ ಕಥೆಯಲ್ಲಿ ಹೊಣೆ ಹೊತ್ತವರು ಚಿಕ್ಕಮ್ಮ. ಆದರೂ ಮಂಡಳಿಯ ಲೆಕ್ಕದ ಪುಸ್ತಕದಲ್ಲಿ "ಈ ವಿಡಿಯೊ ವಿಷಯದಲ್ಲಿ ಇವರು ನಮ್ಮೆಲ್ಲರ ಪರವಾಗಿ ವ್ಯವಹರಿಸಬಹುದು" ಎಂದು ಬರೆದು, ಹಾಡಿದವರೂ ಮೊಮ್ಮಗನೂ ಸಹಿ ಹಾಕಿದರು. ಮುಂದೆ ಯಾರಾದರೂ "ನೀವ್ಯಾರು ಕೇಳಲಿಕ್ಕೆ" ಎಂದರೆ ತೋರಿಸಲು ಒಂದು ಹಾಳೆ ಇರಲಿ ಎಂದು.

3 ನಿಮಿಷ 12ನೇ ಸೆಕೆಂಡು

ಪತ್ರ ಕಳಿಸುವ ಮೊದಲೇ ಸಾಕ್ಷಿ ತೆಗೆದಿಟ್ಟುಕೊಳ್ಳಬೇಕು. ಪತ್ರ ತಲುಪಿದ ಕ್ಷಣ ಅವರು ವಿಡಿಯೊ ಮರೆಮಾಡಿ, ಹೆಸರು ಬದಲಿಸಿ ಮತ್ತೆ ಏರಿಸಬಹುದು. ಅದಕ್ಕಿಂತ ಮುಂಚೆ ನೋಡಿಕೊಳ್ಳಬೇಕಾದದ್ದು, ಇದು ನಿಜಕ್ಕೂ ಮರು ಏರಿಕೆಯೇ ಎಂಬುದು. ಯಾರೋ ನಮ್ಮ ವಿಡಿಯೊವನ್ನು ಪ್ಲೇಲಿಸ್ಟಿಗೆ ಸೇರಿಸಿದ್ದರೆ, ಲಿಂಕ್ ಹಂಚಿದ್ದರೆ, ಅದು ನಮ್ಮ ಪುಟದಿಂದಲೇ ಓಡುತ್ತಿರುತ್ತದೆ, ನೋಟವೂ ನಮಗೇ ಬರುತ್ತದೆ. ವಿಳಾಸದಲ್ಲಿ `watch?v=` ಆದ ಮೇಲೆ ಬರುವ 11 ಅಕ್ಷರಗಳ ಗುರುತು ನಮ್ಮದಕ್ಕಿಂತ ಬೇರೆ ಇದ್ದರೆ ಅದು ಬೇರೆ ಫೈಲು.

ಇಲ್ಲಿ ಬೇರೆಯೇ ಇತ್ತು. ಆದರೆ ದೃಶ್ಯದಲ್ಲಿ ಏನೋ ವಿಚಿತ್ರ. ಚಿಕ್ಕಮ್ಮ ಎಡಗೈಯಲ್ಲಿ ತಾಳ ಹಾಕುತ್ತಿದ್ದಾರೆ, ಬಾಗಿಲು ಬಲಕ್ಕೆ ಬಂದಿದೆ. ಗೋಡೆಯ ಕ್ಯಾಲೆಂಡರಿನ ಅಂಕಿಗಳು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ! ಅವರು ಇಡೀ ಚಿತ್ರವನ್ನು ಎಡಬಲ ತಿರುಗಿಸಿದ್ದರು. ಯಂತ್ರದ ಹೋಲಿಕೆ ಪರೀಕ್ಷೆಗೆ ಸಿಗದಿರಲಿ ಎಂದು ಮಾಡುವ ಹಳೆಯ ಉಪಾಯ ಅದು. ಸ್ವಲ್ಪ ಹಿಗ್ಗಿಸುವುದು, ಅಂಚು ಕಟ್ಟುವುದು, ವೇಗವನ್ನು ಒಂದಿಷ್ಟು ಹೆಚ್ಚಿಸುವುದು ಇವೂ ಅದೇ ಜಾತಿಯವು.

ಹಾಗಾದರೆ ಇದು ನಮ್ಮದೇ ಎಂದು ಹೇಳುವುದು ಹೇಗೆ? ನಮ್ಮ ವಿಡಿಯೊದಲ್ಲಿ 3 ನಿಮಿಷ 12ನೇ ಸೆಕೆಂಡಿಗೆ ಅಡುಗೆಮನೆಯಿಂದ ಕುಕ್ಕರ್ ಒಂದು ಸೀಟಿ ಹೊಡೆಯುತ್ತದೆ. ಅವತ್ತು ಅದಕ್ಕಾಗಿ ಮೊಮ್ಮಗ ಅಜ್ಜಿಯ ಮೇಲೆ ಸಿಡುಕಿದ್ದನಂತೆ. ಅವರ ವಿಡಿಯೊದಲ್ಲಿ ಆ ಸೀಟಿ 2 ನಿಮಿಷ 38ನೇ ಸೆಕೆಂಡಿಗೆ ಬಂತು. ವ್ಯತ್ಯಾಸ 34 ಸೆಕೆಂಡು. ನಮ್ಮ ಹೆಸರಿನ ಫಲಕ ಇದ್ದದ್ದೂ ಸರಿಯಾಗಿ 34 ಸೆಕೆಂಡೇ. ಫಲಕವನ್ನು ಕತ್ತರಿಸಿ ಉಳಿದದ್ದನ್ನು ಹಾಗೇ ಹಾಕಿದ್ದಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಒಂದೇ ಪದವನ್ನು ಇಬ್ಬರು ಒಂದೇ ರೀತಿ ಹಾಡಬಹುದು, ಇಬ್ಬರ ಮನೆಯ ಕುಕ್ಕರೂ ಒಂದೇ ಅಕ್ಷರಕ್ಕೆ ಕೂಗಲಾರದು. ಕೆಮ್ಮು, ಹಕ್ಕಿಯ ಕೂಗು, ರಸ್ತೆಯ ಹಾರ್ನ್, ತಪ್ಪಿದ ತಾಳ ಇಂಥವೇ ಮನೆಯ ಮುದ್ರಿಕೆಯ ಮೊಹರು.

ಎರಡೂ ಲಿಂಕ್, ಎರಡೂ ಪುಟಗಳ ಸ್ಕ್ರೀನ್‌ಶಾಟ್, ಅವರು ಏರಿಸಿದ ದಿನಾಂಕ, ವಿವರಣೆಯ ಪೂರ್ತಿ ಪಠ್ಯ, ಹೋಲುವ ನಾಲ್ಕು ಜಾಗಗಳ ಸಮಯ ಇಷ್ಟನ್ನು ಒಂದು ಕಡತದಲ್ಲಿ ಹಾಕಿಟ್ಟೆ. ಮೊಮ್ಮಗನ ಫೋನಿನಲ್ಲಿ ಕತ್ತರಿಸದ ಮೂಲ ಫೈಲ್ ಇನ್ನೂ ಇತ್ತು. ಅದನ್ನು ಅಳಿಸಬೇಡ ಎಂದು ಎರಡು ಸಲ ಹೇಳಿದೆ. "ಮೊದಲು ಅಪ್‌ಲೋಡ್ ಮಾಡಿದ್ದು ನಾವು" ಎನ್ನುವುದು ಒಳ್ಳೆಯ ಸುಳಿವು ಅಷ್ಟೇ. ಬೇರೆಯವರ ಮುದ್ರಿಕೆಯನ್ನೂ ಯಾರೋ ಮೊದಲು ಏರಿಸಿರಬಹುದಲ್ಲ. ಕತ್ತರಿಸದ ಮೂಲ ಫೈಲ್ ಕೈಯಲ್ಲಿರುವುದು ಅದಕ್ಕಿಂತ ಗಟ್ಟಿಯಾದ ಪುರಾವೆ.

ಅವರ ವಿವರಣೆಯ ಕೊನೆಯಲ್ಲಿ, ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಇದು ನ್ಯಾಯಯುತ ಬಳಕೆ ಎಂಬ ಇಂಗ್ಲಿಷ್ ಪ್ಯಾರಾ ಅಂಟಿಸಿತ್ತು. ಇದು ಸಾವಿರಾರು ಚಾನೆಲ್‌ಗಳಲ್ಲಿ ಕಾಣುವ ತಾಯಿತ. ಆ ಸೆಕ್ಷನ್ ವಿಮರ್ಶೆ, ಬೋಧನೆ, ವರದಿಗಾರಿಕೆಯಂಥ ಬಳಕೆಯ ಮಾತನಾಡುತ್ತದೆ, ಅದನ್ನು ಬರೆದುಕೊಂಡ ಮಾತ್ರಕ್ಕೆ ಪೂರ್ತಿ ವಿಡಿಯೊ ಎತ್ತಿ ಹಾಕಲು ಅಪ್ಪಣೆ ಸಿಗುವುದಿಲ್ಲ. ಹಾಗೆಯೇ ಧಾರ್ಮಿಕ ಸಮಾರಂಭದಲ್ಲಿ ಹಾಡಿನ ಮುದ್ರಿಕೆ ನುಡಿಸುವುದಕ್ಕೆ ನಮ್ಮ ಕಾಯ್ದೆ ವಿನಾಯಿತಿ ಕೊಟ್ಟಿದೆ. ಊರ ದೇವಸ್ಥಾನದ ಪೂಜೆಯ ಹೊತ್ತಿಗೆ ಮೈಕಿನಲ್ಲಿ ಹಾಕಿದರೆ ಸರಿ, ಇನ್ನೊಂದು ಚಾನೆಲ್‌ಗೆ ಏರಿಸುವುದು ಪೂಜೆಯಲ್ಲ.

ಹೆಸರು ಸಾಕೋ, ತೆಗೆಯಲೇಬೇಕೋ?

ಇನ್ನು ಚಿಕ್ಕಮ್ಮನೇ ತೀರ್ಮಾನಿಸಬೇಕಾದ ವಿಷಯ. "ನಿಮಗೆ ಬೇಕಾದ್ದು ಏನು? ಹೆಸರು ಹಾಕಿದರೆ ಸಾಕಾ, ವಿಡಿಯೊನೇ ಹೋಗಬೇಕಾ?"

ಇವೆರಡನ್ನೂ ಕಲೆಸಿ ಬರೆದ ಪತ್ರಗಳೇ ಹೆಚ್ಚು. ಹೆಸರು ಹಾಕುವುದು ಬೇರೆ, ಅನುಮತಿ ಬೇರೆ. ಕೆಳಗೆ ದೊಡ್ಡದಾಗಿ "ಕೃಪೆ" ಎಂದು ಬರೆದರೂ ಅನುಮತಿ ಇಲ್ಲದಿದ್ದರೆ ಅದು ಉಲ್ಲಂಘನೆಯೇ. ಹೆಸರಿನ ಹಕ್ಕು ಇಲ್ಲವೆಂದಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಸೆಕ್ಷನ್, ಹಾಡಿದವರಿಗೆ ತಾವೇ ಹಾಡಿದ್ದೆಂದು ಗುರುತಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆದರೆ ಯೂಟ್ಯೂಬಿನ ಕಾಪಿರೈಟ್ ಫಾರ್ಮ್‌ನಲ್ಲಿ "ನನ್ನ ಹೆಸರು ಹಾಕಿಸಿ" ಎಂಬ ಆಯ್ಕೆ ಇಲ್ಲ. ಅದು ಮಾಡುವುದು ಒಂದೇ ಕೆಲಸ, ತೆಗೆಯುವುದು. ಹೆಸರು ಬೇಕಿದ್ದರೆ ಅದನ್ನು ಚಾನೆಲ್‌ನವರಿಗೆ ಬರೆಯುವ ಪತ್ರದಲ್ಲೇ ಕೇಳಬೇಕು. ಹಾಗೆ ಕೇಳಿ ಅವರು ಹಾಕಿದರೆ, ನಾವು ಅನುಮತಿ ಕೊಟ್ಟ ಹಾಗಾಗುತ್ತದೆ. ಆಮೇಲೆ ತೆಗೆಸಲು ಹೋದರೆ ನಮ್ಮ ಪತ್ರವೇ ನಮಗೆ ಅಡ್ಡ ಬರುತ್ತದೆ.

ಮಂಡಳಿಯಲ್ಲಿ ಚರ್ಚೆಯಾಯಿತು. ಕೆಲವರು "ನಾಲ್ಕು ಜನ ಕೇಳಲಿ ಬಿಡಿ, ಹೆಸರೊಂದು ಹಾಕಲಿ" ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. "ಕೇಳೋರು ನಮ್ಮಲ್ಲೇ ಬಂದು ಕೇಳಲಿ. ನನ್ನ ಮನೆ ಬಾಗಿಲು ಎಡಕ್ಕಿರೋದನ್ನ ಬಲಕ್ಕೆ ಹಾಕಿದಾರೆ ಅವರು." ಅಲ್ಲಿಗೆ ತೆಗೆಸುವುದೇ ಎಂದಾಯಿತು.

"ದುಡ್ಡು ಮಾಡುತ್ತಿದ್ದೀರಿ" ಎಂಬ ಮಾತನ್ನು ನಾನು ಹೊಡೆದುಹಾಕಿದೆ. ಅವರ ವಿಡಿಯೊಗೆ ಜಾಹೀರಾತು ಬರುತ್ತಿತ್ತು, ನಿಜ. ಆದರೆ ಹಣ ಪಡೆಯಲು ಅರ್ಹತೆಯೇ ಇಲ್ಲದ ಚಾನೆಲ್‌ಗಳ ಮೇಲೂ ಯೂಟ್ಯೂಬ್ ಜಾಹೀರಾತು ಹಾಕುತ್ತದೆ. ಗೊತ್ತಿಲ್ಲದ್ದನ್ನು ಆರೋಪಿಸಿದರೆ ಪತ್ರದ ತೂಕ ಇಳಿಯುತ್ತದೆ. ಹತ್ತು ಲಕ್ಷದ ಕೇಸಿನ ಮಾತೂ ಹೋಯಿತು. ಬುಡವಿಲ್ಲದ ಕಾನೂನು ಬೆದರಿಕೆ ಹಾಕಿದವರ ವಿರುದ್ಧ ಬೆದರಿಕೆಗೆ ಒಳಗಾದವರೇ ನ್ಯಾಯಾಲಯಕ್ಕೆ ಹೋಗಲು ನಮ್ಮ ಕಾಯ್ದೆಯ 60ನೇ ಸೆಕ್ಷನ್ ದಾರಿ ಕೊಟ್ಟಿದೆ. ಮಾಡುವ ಉದ್ದೇಶವಿಲ್ಲದ್ದನ್ನು ಮಾಡುತ್ತೇನೆ ಎನ್ನದಿರುವುದೇ ಮೇಲು.

ಹೋದ ಪತ್ರ

ಚಾನೆಲ್‌ನ ಪರಿಚಯದ ಭಾಗದಲ್ಲಿ ಮಿಂಚಂಚೆ ವಿಳಾಸವಿತ್ತು. ಕಮೆಂಟಿನಲ್ಲಿ ಬರೆಯಲಿಲ್ಲ, ಅದನ್ನು ಅವರು ಅಳಿಸಿದರೆ ಆಯಿತಲ್ಲ. ಕೊನೆಗೆ ಹೋದ ಪತ್ರ ಹೀಗಿತ್ತು:

*ವಿಷಯ: ನಮ್ಮ ವಿಡಿಯೊವನ್ನು ಅನುಮತಿಯಿಲ್ಲದೆ ಮರು ಏರಿಸಿರುವುದು, ತೆಗೆಯುವಂತೆ ಕೋರಿಕೆ*

*ಮಾನ್ಯರೇ,*

*ನಮ್ಮ ಭಜನಾ ಮಂಡಳಿ ಹಾಡಿ, ನಮ್ಮ ಮನೆಯಲ್ಲಿ ನಾವೇ ಚಿತ್ರೀಕರಿಸಿದ ಪುರಂದರದಾಸರ ಪದವೊಂದರ ವಿಡಿಯೊ ನಮ್ಮ ಚಾನೆಲ್‌ನಲ್ಲಿದೆ (ಲಿಂಕ್ 1). ಅದೇ ವಿಡಿಯೊ ನಿಮ್ಮ ಚಾನೆಲ್‌ನಲ್ಲಿ ಲಿಂಕ್ 2ರಲ್ಲಿ ಇದೆ. ನಿಮ್ಮ ವಿಡಿಯೊದ 0:00ರಿಂದ 8:06ರವರೆಗಿನ ಧ್ವನಿ ಮತ್ತು ದೃಶ್ಯ ನಮ್ಮ ವಿಡಿಯೊದ 0:34ರಿಂದ 8:40ರವರೆಗಿನದು. ದೃಶ್ಯವನ್ನು ಎಡಬಲ ತಿರುಗಿಸಲಾಗಿದೆ, ನಮ್ಮ ಹೆಸರಿದ್ದ ಆರಂಭದ ಭಾಗವನ್ನು ಕತ್ತರಿಸಲಾಗಿದೆ. ಹೋಲಿಕೆಗೆ ನಮ್ಮ 3:12 ಮತ್ತು ನಿಮ್ಮ 2:38 ನೋಡಬಹುದು.*

*ದಾಸರ ಸಾಹಿತ್ಯದ ಮೇಲಾಗಲಿ ಧಾಟಿಯ ಮೇಲಾಗಲಿ ನಾವು ಹಕ್ಕು ಹೇಳುತ್ತಿಲ್ಲ. ನಮ್ಮ ಹಕ್ಕು ಈ ಧ್ವನಿಮುದ್ರಿಕೆ, ಈ ದೃಶ್ಯ ಮತ್ತು ನಮ್ಮ ಗಾಯನಕ್ಕೆ ಸೀಮಿತ. ಇದನ್ನು ಬಳಸಲು ನಿಮಗೆ ನಾವು ಅನುಮತಿ ಕೊಟ್ಟಿಲ್ಲ.*

*ಈ ಪತ್ರ ತಲುಪಿದ ಏಳು ದಿನಗಳೊಳಗೆ ಆ ವಿಡಿಯೊವನ್ನು ತೆಗೆದು ನಮಗೆ ತಿಳಿಸಬೇಕಾಗಿ ಕೋರುತ್ತೇವೆ. ವಿವರಣೆಯಲ್ಲಿ ಹೆಸರು ಸೇರಿಸುವುದರಿಂದ ಈ ಕೋರಿಕೆ ಈಡೇರುವುದಿಲ್ಲ. ನಿಮಗೆ ಬೇರೆಯವರಿಂದ ಅನುಮತಿ ಸಿಕ್ಕಿದ್ದರೆ ಅದರ ಪ್ರತಿ ಕಳಿಸಿ. ಉತ್ತರ ಬಾರದಿದ್ದರೆ ಯೂಟ್ಯೂಬಿಗೆ ಕಾಪಿರೈಟ್ ತೆಗೆಯುವಿಕೆಯ ಕೋರಿಕೆ ಸಲ್ಲಿಸುತ್ತೇವೆ.*

*ಮಂಡಳಿಯ ಪರವಾಗಿ, (ಹೆಸರು, ದಿನಾಂಕ, ಮಿಂಚಂಚೆ)*

ಎಂಟು ನಿಮಿಷ ಆರು ಸೆಕೆಂಡಿಗೆ ನಿಲ್ಲಿಸಿದ್ದೇಕೆ ಎಂಬುದು ಈಗ ಓದುಗರಿಗೆ ತಿಳಿದಿರುತ್ತದೆ. ಅಲ್ಲಿಂದಾಚೆಗಿನ 40 ಸೆಕೆಂಡು ಆ ಅಜ್ಞಾತ ಕಲಾವಿದರ ಕೃಷ್ಣನದು. "ಬೇರೆಯವರಿಂದ ಅನುಮತಿ ಸಿಕ್ಕಿದ್ದರೆ" ಎಂಬ ಸಾಲೂ ಮರ್ಯಾದೆಗೆ ಬರೆದದ್ದಲ್ಲ. ಮಂಡಳಿಯವರೇ ಯಾರಾದರೂ ವಾಟ್ಸಾಪಿನಲ್ಲಿ "ಧಾರಾಳವಾಗಿ ಹಾಕಿಕೊಳ್ಳಿ" ಎಂದಿದ್ದರೆ ಅದು ಫಾರ್ಮ್ ತುಂಬುವ ಮೊದಲೇ ಹೊರಬೀಳಲಿ ಎಂದು.

ನಾಲ್ಕನೇ ದಿನ ಉತ್ತರ ಬಂತು. "ಭಕ್ತಿ ಎಲ್ಲರಿಗೂ ತಲುಪಲಿ ಅಂತ ಹಾಕಿದ್ದೇವೆ. ದೇವರ ಹಾಡು ಯಾರ ಸ್ವತ್ತೂ ಅಲ್ಲ. ಬೇಕಿದ್ದರೆ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ." ವಿಡಿಯೊ ಅಲ್ಲೇ ಇತ್ತು. ಎಂಟನೇ ದಿನ ನಾವು ಫಾರ್ಮಿಗೆ ಇಳಿದೆವು.

ಫಾರ್ಮ್ ಎಂಬ ಎರಡನೇ ಪತ್ರ

ಯೂಟ್ಯೂಬಿನ ಫಾರ್ಮ್‌ಗೆ ತಳಹದಿ ಅಮೆರಿಕದ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆ್ಯಕ್ಟ್. ನೋಟಿಸಿನಲ್ಲಿ ಏನೇನಿರಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ: ಯಾವ ಕೃತಿ, ಅದರ ನಕಲು ಎಲ್ಲಿದೆ, ನಿಮ್ಮನ್ನು ಸಂಪರ್ಕಿಸುವುದು ಹೇಗೆ, ಎರಡು ಪ್ರಮಾಣ ವಾಕ್ಯ, ಸಹಿ. ಕಂಪ್ಯೂಟರಿನಲ್ಲಿ ಸ್ಟುಡಿಯೋ ತೆರೆದು ಕಾಪಿರೈಟ್ ವಿಭಾಗದಲ್ಲಿ `New removal request` ಒತ್ತಿದರೆ ಇದೇ ಪ್ರಶ್ನೆಗಳು ಬರುತ್ತವೆ. ಚಾನೆಲ್‌ನ ಲಿಂಕ್ ಅಲ್ಲ, ಆ ಒಂದು ವಿಡಿಯೊದ ಲಿಂಕ್ ಕೊಡಬೇಕು. ನಕಲಾದದ್ದು ಪೂರ್ತಿ ವಿಡಿಯೊ ಅಲ್ಲದಿದ್ದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಸಮಯ ತುಂಬಬೇಕು. ಪಾಲು ಹಂಚಿ ಲೆಕ್ಕ ಇಟ್ಟಿದ್ದರಿಂದ ನಮಗೆ ಹತ್ತು ನಿಮಿಷದ ಕೆಲಸ.

ಒಂದು ಕಡೆ ಮಾತ್ರ ಕೈ ನಿಂತಿತು. ಪ್ರಮಾಣ ವಾಕ್ಯಗಳ ಸಾರ ಹೀಗಿದೆ: ಈ ಬಳಕೆಗೆ ಹಕ್ಕುದಾರರ, ಅವರ ಏಜೆಂಟರ ಅಥವಾ ಕಾನೂನಿನ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ. ಕೊಟ್ಟ ಮಾಹಿತಿ ಸರಿಯಾಗಿದೆ, ನಾನು ಹಕ್ಕುದಾರ ಅಥವಾ ಅವರ ಅಧಿಕೃತ ಪ್ರತಿನಿಧಿ, ಇದು ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಡುತ್ತೇನೆ. "ಕಾನೂನಿನ ಅನುಮತಿ" ಎಂಬ ಮಾತು ಅಲ್ಲಿ ಸುಮ್ಮನೆ ಇಲ್ಲ. ಯಾರಾದರೂ ನಮ್ಮ ವಿಡಿಯೊದ ಹತ್ತು ಸೆಕೆಂಡು ತೋರಿಸಿ ಪಾಠಾಂತರದ ಬಗ್ಗೆ ಚರ್ಚಿಸಿದ್ದರೆ ಅದು ನ್ಯಾಯಯುತ ಬಳಕೆಯಾಗಿರಬಹುದು. ಅದನ್ನು ಯೋಚಿಸಿಯೇ ಗುರುತು ಹಾಕಬೇಕು. ಗೊತ್ತಿದ್ದೂ ಸುಳ್ಳು ನೋಟಿಸ್ ಕೊಟ್ಟರೆ ನಷ್ಟಕ್ಕೆ ಹೊಣೆಯಾಗಬೇಕಾಗುತ್ತದೆ, ನಮ್ಮ ಖಾತೆಗೂ ಕುತ್ತು ಬರುತ್ತದೆ.

ಹಕ್ಕುದಾರರ ಹೆಸರು ಎಂಬಲ್ಲಿ ಬರೆದದ್ದು ತೆಗೆದ ವಿಡಿಯೊ ಇದ್ದ ಜಾಗದಲ್ಲಿ ಸಾರ್ವಜನಿಕವಾಗಿ ಕಾಣುತ್ತದೆ. ಕೊಟ್ಟ ಮಿಂಚಂಚೆ ವಿಳಾಸ ಎದುರಿನವರಿಗೆ ಹೋಗುತ್ತದೆ. ಆದ್ದರಿಂದ ಮೊದಲಿನದಕ್ಕೆ ಮಂಡಳಿಯ ಹೆಸರು, ಎರಡನೆಯದಕ್ಕೆ ಮಂಡಳಿಗೆಂದೇ ಮಾಡಿದ ವಿಳಾಸ ಕೊಟ್ಟೆವು. ಸಹಿಯ ಜಾಗದಲ್ಲಿ ಮಾತ್ರ ಚಿಕ್ಕಮ್ಮನ ಪೂರ್ತಿ ಹೆಸರು. ಅಲ್ಲಿ ಅಡ್ಡಹೆಸರು ನಡೆಯುವುದಿಲ್ಲ.

ಕೊನೆಯಲ್ಲಿ ಎರಡು ದಾರಿಗಳ ಆಯ್ಕೆ. ಒಂದು, ಪರಿಶೀಲನೆಯಾದ ಕೂಡಲೇ ತೆಗೆಯುವುದು. ಆಗ ಆ ಚಾನೆಲ್‌ಗೆ ಒಂದು ಕಾಪಿರೈಟ್ ಸ್ಟ್ರೈಕ್ ಬೀಳುತ್ತದೆ. 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಇನ್ನೊಂದು `Scheduled`, ಏಳು ದಿನಗಳ ಗಡುವು. ಅಷ್ಟರೊಳಗೆ ಅವರೇ ತೆಗೆದರೆ ಸ್ಟ್ರೈಕ್ ಇಲ್ಲ. ಚಿಕ್ಕಮ್ಮ ಗಡುವು ಕೊಡು ಎಂದರು. ಜೊತೆಗೆ, ಇದೇ ವಿಡಿಯೊದ ನಕಲು ಮತ್ತೆ ಏರದಂತೆ ತಡೆಯುವ ಆಯ್ಕೆಗೂ ಗುರುತು ಹಾಕಿದೆವು. ಅದು ಪೂರ್ತಿ ಹೋಲುವ ನಕಲನ್ನು ಹಿಡಿಯುತ್ತದೆ, ವೇಷ ಬದಲಿಸಿ ಬಂದದ್ದನ್ನು ಹಿಡಿಯುತ್ತದೆಂಬ ಖಾತರಿ ಇಲ್ಲ. ಅದಕ್ಕೆ ಕಿವಿಯೇ ಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಇದೇ ತುಣುಕು ಇದ್ದರೆ ಅಲ್ಲಿನ ಫಾರ್ಮ್ ಬೇರೆಯೇ ತುಂಬಬೇಕು.

ಅವರು ತಿರುಗಿ ನಿಂತರೆ

ವಿಡಿಯೊ ತೆಗೆದ ಮೇಲೂ ಕಥೆ ಮುಗಿಯದೇ ಇರಬಹುದು. ಎದುರಿನವರು ಪ್ರತಿ ನೋಟಿಸ್ ಕೊಡಬಹುದು. ಅದರಲ್ಲಿ ಅವರು ತಮ್ಮ ನಿಜವಾದ ಹೆಸರು, ವಿಳಾಸ ಕೊಟ್ಟು, ತೆಗೆದದ್ದು ತಪ್ಪಾಗಿದೆ ಎಂದು ಪ್ರಮಾಣ ಮಾಡಬೇಕು. ಯೂಟ್ಯೂಬ್ ಅದನ್ನು ನಮಗೆ ಕಳಿಸುತ್ತದೆ. ಆಗ 10 ಕೆಲಸದ ದಿನಗಳೊಳಗೆ ನಾವು ನ್ಯಾಯಾಲಯಕ್ಕೆ ಹೋಗಿರುವ ಪುರಾವೆ ಕೊಡದಿದ್ದರೆ ವಿಡಿಯೊ ಮರಳಿ ಬರುತ್ತದೆ. ಯೂಟ್ಯೂಬ್ ನ್ಯಾಯಾಧೀಶರಲ್ಲ, ಇಬ್ಬರ ನಡುವಿನ ಅಂಚೆಯವರು. ಎದೆಗಾರಿಕೆಯಿಂದ ಸುಳ್ಳು ಹೇಳುವವರ ಮುಂದೆ ಈ ದಾರಿಯ ಮಿತಿ ಇದೇ.

ನಮ್ಮ ದೇಶದ ಕಾಯ್ದೆಯಲ್ಲೂ ಒಂದು ದಾರಿಯಿದೆ. 52(1)(ಸಿ) ಸೆಕ್ಷನ್ ಮತ್ತು 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ ವಿಡಿಯೊ ಇಟ್ಟುಕೊಂಡಿರುವ ಸಂಸ್ಥೆಗೆ ಲಿಖಿತ ದೂರು ಕೊಡಬಹುದು. ದೂರು ಒಪ್ಪುವಂಥದ್ದಾದರೆ ಸಂಸ್ಥೆ 36 ಗಂಟೆಗಳೊಳಗೆ ಅದನ್ನು ತಡೆಹಿಡಿಯಬೇಕು. ತಡೆ 21 ದಿನಗಳದು, ಅಷ್ಟರೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಸಂಸ್ಥೆ ಮತ್ತೆ ತೆರೆಯಬಹುದು. ಕೇಳಲು ಚುರುಕಾಗಿದೆ. ಆದರೆ ಆ ದೂರಿನಲ್ಲಿ, ದಾವೆ ಹೂಡಿ 21 ದಿನಗಳೊಳಗೆ ಆದೇಶ ತಂದು ಒಪ್ಪಿಸುತ್ತೇನೆ ಎಂದು ಬರೆದುಕೊಡಬೇಕು. ಫಾರ್ಮ್‌ನಲ್ಲಿ ನ್ಯಾಯಾಲಯದ ಮಾತು ಬರುವುದು ಎದುರಿನವರು ತಿರುಗಿ ನಿಂತರೆ ಮಾತ್ರ, ಇಲ್ಲಿ ಮೊದಲ ಸಾಲಿನಲ್ಲೇ ಇದೆ. ದೊಡ್ಡ ಧ್ವನಿಸುರುಳಿ ಕಂಪನಿಗಳಿಗೆ ಸರಿ, ಒಂಬತ್ತು ಜನರ ಮಂಡಳಿಗೆ ವಕೀಲರನ್ನು ಕಾಣದೆ ಕೈ ಹಾಕುವಂಥದ್ದಲ್ಲ.

ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಗಡುವಿನ ಐದನೇ ದಿನ ಆ ಲಿಂಕ್ ಒತ್ತಿದರೆ ವಿಡಿಯೊ ಇರಲಿಲ್ಲ. ಅವರೇ ತೆಗೆದಿದ್ದರು. ಕ್ಷಮೆಯೂ ಇಲ್ಲ, ಉತ್ತರವೂ ಇಲ್ಲ. ಮೂರು ವಾರ ಬಿಟ್ಟು ಮತ್ತೊಮ್ಮೆ ಹುಡುಕಿ ನೋಡಿದೆ, ಬೇರೆ ವೇಷದಲ್ಲೂ ಕಾಣಲಿಲ್ಲ.

ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಮಂಡಳಿಯವರು ಹೊಸ ಪದ ಚಿತ್ರೀಕರಿಸುತ್ತಿದ್ದರು. ಈ ಸಲ ಹೆಸರಿನ ಫಲಕ ಶುರುವಿನಲ್ಲಿಲ್ಲ, ಕತ್ತರಿಸಲಾಗದಂತೆ ಹಿಂದಿನ ಗೋಡೆಗೇ ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಕೊನೆಗೆ ತೋರಿಸಲು ದೇವರ ಮನೆಯ ಕೃಷ್ಣನ ವಿಗ್ರಹವನ್ನು ಮೊಮ್ಮಗ ತಾನೇ ಚಿತ್ರ ತೆಗೆದಿದ್ದ. ಎಲ್ಲ ಸಜ್ಜಾಗಿ ಶ್ರುತಿ ಹಿಡಿಯುವ ಹೊತ್ತಿಗೆ ಅವನು ಅಡುಗೆಮನೆ ಕಡೆ ನೋಡಿ, "ಅಜ್ಜಿ, ಕುಕ್ಕರ್ ಆಫ್ ಮಾಡಿದೀರಾ?" ಎಂದ.

"ಇರಲಿ ಬಿಡು ಪುಟ್ಟ" ಎಂದರು ಚಿಕ್ಕಮ್ಮ. "ಸಾಕ್ಷಿಗೆ ಬೇಕಾಗ್ತದೆ."